ಒಂದು ಲೀಟರ್ ಹಾಲಿಗೆ ನಿಜವಾಗಿ ಬೀಳುವ ಖರ್ಚು ಎಷ್ಟು? ಮೂರು ಹಸು, ಒಂದು ಕಡಸಿನ ಲೆಕ್ಕ

ತೋಟದಮನೆ (ಕುಣಿಗಲ್ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಯಲ್ಲಿ ಮೂರು ಎಚ್‌ಎಫ್ ಮಿಶ್ರತಳಿ ಹಸುಗಳೂ ಒಂದು ಕಡಸೂ ಇವೆ. ಲೆಕ್ಕ ಬರೆಯುವವಳು ನಾನು. ಕಳೆದ ತಿಂಗಳು ಎರಡು ಹಸುಗಳು ಕರೆಯುತ್ತಿದ್ದವು, ಒಂದು ಬತ್ತಿತ್ತು. ದಿನಕ್ಕೆ ಎರಡೂ ಸೇರಿ 22 ಲೀಟರ್, ಅಂದರೆ ತಿಂಗಳಿಗೆ 660 ಲೀಟರ್. ಪಶು ಆಹಾರ 1,300 ರೂಪಾಯಿಯಂತೆ 10 ಚೀಲ ತಂದೆವು, 13,000 ಆಯಿತು. ಡಾಕ್ಟರಿಗೆ 900, ಖನಿಜ ಮಿಶ್ರಣಕ್ಕೆ 300. ಒಟ್ಟು 14,200 ರೂಪಾಯಿಯನ್ನು 660ರಿಂದ ಭಾಗಿಸಿದರೆ ಲೀಟರಿಗೆ 21 ರೂಪಾಯಿ 50 ಪೈಸೆ ಬರುತ್ತದೆ. ಡೇರಿಯಲ್ಲಿ ನಮಗೆ ಲೀಟರಿಗೆ 33 ರೂಪಾಯಿ ಸಿಗುತ್ತದೆ, ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ ಬೇರೆಯಾಗಿ ಖಾತೆಗೆ ಬರುತ್ತದೆ. ಹಾಗಾದರೆ ಲೀಟರಿಗೆ 16 ರೂಪಾಯಿಗೂ ಹೆಚ್ಚು ಉಳಿಯಬೇಕು. ಆದರೆ ವರ್ಷದ ಕೊನೆಗೆ ಕೈಯಲ್ಲಿ ಏನೂ ಕಾಣುವುದಿಲ್ಲ. ನನ್ನ ಲೆಕ್ಕ ಎಲ್ಲಿ ತಪ್ಪುತ್ತಿದೆ ಎಂದು ತಿಳಿದವರು ಹೇಳಬೇಕು.

ಬಡ್ಡಿಪುಸ್ತಕ

ಮೇಡಂ, ನೀವು ಸಾಲದ ಕಂತನ್ನೇ ಸೇರಿಸಿಲ್ಲ. ಹಸು ತರಲು ಸಾಲ ಮಾಡಿದ್ದರೆ ತಿಂಗಳ ಪೂರ್ತಿ ಕಂತು ಖರ್ಚಿಗೆ ಬರಬೇಕು, ಹಣ ಹೋಗುತ್ತಿರುವುದು ಅಲ್ಲಿಯೇ. ಕೂಲಿಯನ್ನು ನೀವು ಬಿಟ್ಟದ್ದು ಸರಿಯಾಗಿಯೇ ಇದೆ. ಮನೆಯವರೇ ಮಾಡುವ ಕೆಲಸಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ಹಾಗೆಯೇ ಸ್ವಂತ ಹೊಲದ ಹುಲ್ಲಿಗೂ ಬೆಲೆ ಕಟ್ಟಬೇಕಾಗಿಲ್ಲ. ಕೈಯಿಂದ ಹೊರಗೆ ಹೋದದ್ದು ಮಾತ್ರ ಖರ್ಚು.

ಹಳೆಯ ವಿಸ್ತರಣಾಧಿಕಾರಿ

ಹಾಲು ಒಕ್ಕೂಟವೊಂದರಲ್ಲಿ ಮೂವತ್ತು ವರ್ಷ ವಿಸ್ತರಣೆಯ ಕೆಲಸ ಮಾಡಿ ನಿವೃತ್ತನಾದವನು ನಾನು. ತಾಯಿ, ನಿಮ್ಮ ಕೂಡುವಿಕೆ, ಭಾಗಾಕಾರ ಎರಡೂ ಸರಿಯಾಗಿವೆ. ತಪ್ಪಿರುವುದು ಭಾಗಿಸಲು ಆರಿಸಿಕೊಂಡ ಕಾಲಾವಧಿಯಲ್ಲಿ. ಎರಡು ಹಸು ಚೆನ್ನಾಗಿ ಕರೆಯುತ್ತಿರುವ ಒಂದು ತಿಂಗಳನ್ನು ಹಿಡಿದರೆ ಯಾವ ಕೊಟ್ಟಿಗೆಯೂ ಲಾಭದಲ್ಲಿಯೇ ಕಾಣುತ್ತದೆ. ಬತ್ತಿದ ಹಸು ಬತ್ತಿದ ತಿಂಗಳಲ್ಲಿಯೂ ತಿನ್ನುತ್ತದೆ, ಅದರ ಮೇವಿನ ಖರ್ಚನ್ನು ಅದು ಮುಂದೆ ಕೊಡುವ ಹಾಲೇ ತೀರಿಸಬೇಕು. ಆದ್ದರಿಂದ ಕರುವಿನಿಂದ ಕರುವಿನವರೆಗಿನ ಅವಧಿಯನ್ನು ಹಿಡಿಯಬೇಕು. ಮೂರು ಹಸುಗಳ ಸೂಲು ಬೇರೆ ಬೇರೆ ಕಾಲಕ್ಕೆ ಬರುವುದರಿಂದ ಇಡೀ ವರ್ಷದ ಲೆಕ್ಕವನ್ನು ಒಟ್ಟಾಗಿ ತೆಗೆದುಕೊಳ್ಳುವುದು ಸುಲಭ.

ನಾಲ್ಕು ವಿಷಯಗಳನ್ನು ಹುಡುಕಿ ತಿಳಿಸಿ. ಆ 660 ಲೀಟರ್ ಎಂಬುದು ಬಕೆಟ್ಟಿನಲ್ಲಿ ಅಳೆದದ್ದೋ, ಸಂಘದ ಪಾಸ್‌ಬುಕ್ಕಿನಲ್ಲಿ ಬಂದದ್ದೋ? ವರ್ಷದ ಮೊದಲ ದಿನ ಮತ್ತು ಕೊನೆಯ ದಿನ ಮನೆಯಲ್ಲಿ ಎಷ್ಟು ಚೀಲ ಆಹಾರ ಉಳಿದಿತ್ತು? ಒಂದೊಂದು ಹಸುವೂ ವರ್ಷದಲ್ಲಿ ಎಷ್ಟು ದಿನ ಕರೆಯಿತು? ಹಸುಗಳಿಗಾಗಿ ಮನೆಯವರೆಲ್ಲರೂ ಸೇರಿ ದಿನಕ್ಕೆ ಎಷ್ಟು ಗಂಟೆ ದುಡಿಯುತ್ತೀರಿ? ಬಡ್ಡಿಪುಸ್ತಕ ಅವರೇ, ನಿಮ್ಮ ಮಾತಿಗೆ ಆಮೇಲೆ ಬರುತ್ತೇನೆ, ಅದರಲ್ಲಿ ಅರ್ಧ ನಿಜವಿದೆ.

ಶಿರಸಿ ಅಂಗಳ

ನನ್ನ ಅನುಭವದಲ್ಲಿ ಡೇರಿಗೆ ಹಾಕುವುದೇ ನಷ್ಟ. ನಾವು ಎರಡು ಮಲೆನಾಡು ಗಿಡ್ಡ ಹಸುಗಳನ್ನು ಸಾಕಿದ್ದೇವೆ, ಮನೆಗೆ ಸಾಕಾಗಿ ಉಳಿದದ್ದನ್ನು ನೆರೆಯ ಎರಡು ಮನೆಗಳಿಗೆ ಲೀಟರಿಗೆ 60 ರೂಪಾಯಿಯಂತೆ ಕೊಡುತ್ತೇವೆ. ನೀವೂ ಮನೆಮನೆಗೆ ಕೊಟ್ಟರೆ ಲೀಟರಿಗೆ 60 ಬೀಳುತ್ತದೆ.

ತೋಟದಮನೆ

ಶಿರಸಿಯವರೇ, ನಾನು ಕೇಳಿದ್ದು ಮಾರುವ ಬೆಲೆಯನ್ನಲ್ಲ, ನಮಗೆ ತಗಲುವ ಖರ್ಚನ್ನು. ನಮ್ಮೂರಿನಲ್ಲಿ ಮನೆಗೊಂದು ಹಸುವಿರುವುದರಿಂದ ಕೊಂಡುಕೊಳ್ಳುವವರೂ ಇಲ್ಲ.

ಸರ್, ನಿನ್ನೆ ರಾತ್ರಿ ಚೀಟಿಗಳನ್ನೆಲ್ಲಾ ಹರಡಿಕೊಂಡು ಕುಳಿತೆ. ಮೊದಲಿಗೇ ಒಂದು ತಪ್ಪು ಸಿಕ್ಕಿತು. 660 ಎಂಬುದು ಬಕೆಟ್ಟಿನ ಅಳತೆ, ಪಾಸ್‌ಬುಕ್ಕಿನಲ್ಲಿ ಆ ತಿಂಗಳು ಇರುವುದು 590 ಮಾತ್ರ. ಉಳಿದದ್ದು ಮನೆಗೆ ಮತ್ತು ಕರುವಿಗೆ ಹೋಗಿದೆ.

ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಗೌರಿ 300 ದಿನ, ಕಪ್ಪಿ 285 ದಿನ, ಲಕ್ಷ್ಮಿ 225 ದಿನ ಕರೆದಿದ್ದಾವೆ. ಲಕ್ಷ್ಮಿಗೆ ಸೆಮೆನ್ ಹಾಕಿಸಿದಾಗಲೆಲ್ಲ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬಂದು ಗಬ್ಬವಾಗುವುದು ತಡವಾಯಿತು, ಅಷ್ಟರಲ್ಲಿ ಹಾಲು ಇಳಿದುಹೋಗಿ 140 ದಿನ ಬತ್ತಿ ನಿಂತಳು. ಕರೆದ ದಿನಗಳ ಸರಾಸರಿ ಒಂದೊಂದಕ್ಕೆ ಹತ್ತೂವರೆ ಲೀಟರ್, ಒಟ್ಟು 8,505 ಲೀಟರ್. ಅದರಲ್ಲಿ ಡೇರಿಗೆ 7,480, ಮನೆಗೆ 545, ಕರುಗಳಿಗೆ 480 ಹೋಗಿದೆ. ಆಹಾರ 112 ಚೀಲ ಕೊಂಡೆವು, ವರ್ಷದ ಮೊದಲು 3 ಇತ್ತು, ಕೊನೆಗೆ 5 ಉಳಿದಿದೆ. ರಾಗಿ ಹುಲ್ಲು ವರ್ಷಕ್ಕೆ ಸುಮಾರು 4 ಟನ್ ಬೇಕು, ಅದರಲ್ಲಿ ಅರ್ಧ ನಮ್ಮದೇ, ಇನ್ನರ್ಧಕ್ಕೆ 14,000 ಕೊಟ್ಟೆವು. ನೇಪಿಯರ್ ಹುಲ್ಲು 12 ಗುಂಟೆಯಲ್ಲಿದೆ, ದಿನಕ್ಕೆ 70 ಕೆಜಿ ಕೊಯ್ಯುತ್ತೇವೆ. ಡಾಕ್ಟರು, ಔಷಧ, ಸೆಮೆನ್, ಜಂತಿನ ಮಾತ್ರೆ ಎಲ್ಲಾ ಸೇರಿ 14,500 ಆಗಿದೆ, ಅದರಲ್ಲಿ ಗೌರಿಯ ಕೆಚ್ಚಲು ಬಾವಿಗೇ 5,200 ಹೋಯಿತು. ಆ ವಾರ ಚೆಲ್ಲಿದ ಹಾಲನ್ನೂ ಖರ್ಚಿಗೆ ಸೇರಿಸಬೇಕೇ? ನಾನೂ ನನ್ನ ಯಜಮಾನರೂ ಸೇರಿ ದಿನಕ್ಕೆ ನಾಲ್ಕೂವರೆ ಗಂಟೆ ಹಸುಗಳ ಹಿಂದೆ ಇರುತ್ತೇವೆ. ಅದರಲ್ಲಿ ಮೂರು ಗಂಟೆ ನನ್ನದು. ಬಡ್ಡಿಪುಸ್ತಕ ಅವರು ಅದಕ್ಕೆ ಬೆಲೆಯಿಲ್ಲ ಎಂದದ್ದನ್ನು ಓದಿದೆ.

ಹಳೆಯ ವಿಸ್ತರಣಾಧಿಕಾರಿ

ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟವರು ನನ್ನ ಸೇವೆಯಲ್ಲಿ ಹತ್ತು ಜನ ಸಿಕ್ಕಿರಲಿಕ್ಕಿಲ್ಲ. ಹಾಲಿನಿಂದಲೇ ಆರಂಭಿಸೋಣ. ಮೂರು ಹಸುಗಳಿಗೆ ವರ್ಷದಲ್ಲಿ 1,095 ದಿನ, ಕರೆದದ್ದು 810 ದಿನ. ನಿಮ್ಮ ಮನಸ್ಸಿನಲ್ಲಿರುವುದು ಹಸುವಿಗೆ 11 ಲೀಟರ್. ಆದರೆ ಒಟ್ಟು 8,505 ಲೀಟರನ್ನು ವರ್ಷದ ಎಲ್ಲಾ ದಿನಗಳಿಗೂ ಹಂಚಿದರೆ 7.8 ಲೀಟರಿಗಿಂತ ಸ್ವಲ್ಪ ಕಡಿಮೆ ಆಗುತ್ತದೆ. ಕೈಗೆ ಹಣ ಕಾಣದಿರುವುದಕ್ಕೆ ಮೊದಲ ಕಾರಣ ಇದೇ. ಕರುಗಳು ಕುಡಿದ ಹಾಲನ್ನು ಬಿಟ್ಟು, ಮನೆಗೆ ಬಳಸಿದ್ದನ್ನು ಮಾತ್ರ ಡೇರಿಯ ಹಾಲಿನೊಡನೆ ಸೇರಿಸಿಕೊಳ್ಳಿ, ಏಕೆಂದರೆ ಅದನ್ನು ನೀವು ಇಲ್ಲದಿದ್ದರೆ ಕೊಳ್ಳಬೇಕಾಗುತ್ತಿತ್ತು. ಭಾಗಿಸಬೇಕಾದ ಸಂಖ್ಯೆ 8,025. ಚೆಲ್ಲಿದ ಹಾಲನ್ನು ಖರ್ಚಿಗೆ ಸೇರಿಸಬೇಡಿ. ಅದು ಈ ಲೀಟರುಗಳಲ್ಲಿ ಆಗಲೇ ಕಡಿಮೆಯಾಗಿ ಬಂದಿದೆ, ಮತ್ತೆ ಸೇರಿಸಿದರೆ ಒಂದೇ ನಷ್ಟವನ್ನು ಎರಡು ಸಲ ಬರೆದಂತಾಗುತ್ತದೆ.

ಆಹಾರದಲ್ಲಿ ಕೊಂಡದ್ದು 112 ಚೀಲವಾದರೂ ತಿಂದದ್ದು 110, ಅದಕ್ಕೆ 1,43,000 ರೂಪಾಯಿ. ಇದು ನಂಬಲರ್ಹವೇ ಎಂದು ಒಮ್ಮೆ ಒರೆಗೆ ಹಚ್ಚಿ ನೋಡಬೇಕು. ಮೈ ಉಳಿಸಿಕೊಳ್ಳಲು ಒಂದೂವರೆ ಕೆಜಿ, ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ಎಂಬ ರೂಢಿಯ ಲೆಕ್ಕದಲ್ಲಿ, ಹತ್ತೂವರೆ ಲೀಟರಿನ ಹಸುವಿಗೆ ದಿನಕ್ಕೆ ಐದೂಮುಕ್ಕಾಲು ಕೆಜಿಯ ಹತ್ತಿರ ಬರುತ್ತದೆ. ಬತ್ತಿದ ದಿನಗಳನ್ನೂ ಕಡಸನ್ನೂ ಸೇರಿಸಿದರೆ ಐದೂವರೆ ಟನ್ನಿನ ಆಸುಪಾಸು. ಚೀಲಕ್ಕೆ 50 ಕೆಜಿಯಂತೆ ನಿಮ್ಮದು ಸರಿಯಾಗಿ ಐದೂವರೆ ಟನ್. ಇದು ನೂರು ಚೀಲಕ್ಕಿಂತ ಬಹಳ ಕಡಿಮೆ ಬಂದಿದ್ದರೆ ಯಾವುದೋ ಚೀಟಿ ಕಳೆದಿದೆ ಎಂದೂ, ನೂರಮೂವತ್ತು ದಾಟಿದ್ದರೆ ಬತ್ತಿದ ಹಸುವಿಗೂ ಕರೆಯುವ ಹಸುವಿನಷ್ಟೇ ಸುರಿಯುತ್ತಿದ್ದೀರಿ ಎಂದೂ ಹೇಳುತ್ತಿದ್ದೆ.

ರಾಗಿ ಹುಲ್ಲು ನಿಮ್ಮ ಹೊಲದ್ದಾದರೂ ಪೂರ್ತಿ 28,000 ಹಿಡಿಯಿರಿ. ಅದನ್ನು ಒಟ್ಟಿಟ್ಟರೆ ಯಾರಾದರೂ ಬಂದು ಕೊಂಡು ಹೋಗುತ್ತಾರೆ, ಹಸು ತಿಂದರೆ ಆ ಹಣ ನಿಮಗೆ ಬರುವುದಿಲ್ಲ. ಹಸಿ ಹುಲ್ಲಿನ ಮಾತು ಬೇರೆ. ನಿಮ್ಮೂರಿನಲ್ಲಿ ದಿನವೂ 70 ಕೆಜಿ ನೇಪಿಯರ್ ಕೊಳ್ಳುವವರು ಇದ್ದಾರೆಯೇ? ಇಲ್ಲವಾದರೆ ಅದಕ್ಕೆ ಮಾರುಕಟ್ಟೆಯ ಬೆಲೆ ಹಾಕುವುದು ಬರಿಯ ಕಾಗದದ ಲೆಕ್ಕ. ಆ 12 ಗುಂಟೆಯನ್ನು ತರಕಾರಿಗೆ ಗುತ್ತಿಗೆ ಕೊಟ್ಟಿದ್ದರೆ ಬರುತ್ತಿದ್ದ ಹಣವನ್ನೂ ಯೂರಿಯಾ, ಉಳುಮೆ, ಕಳೆಯ ಖರ್ಚನ್ನೂ ಕೂಡಿಸಿ. ಕೊಯ್ಯುವ ಶ್ರಮ ನಿಮ್ಮ ನಾಲ್ಕೂವರೆ ಗಂಟೆಯಲ್ಲಿ ಸೇರಿದೆ.

ಇನ್ನು ದುಡಿಮೆ. ನಾಲ್ಕೂವರೆ ಗಂಟೆಯಂತೆ ವರ್ಷಕ್ಕೆ 1,642 ಗಂಟೆ, ಎಂಟು ಗಂಟೆಯ ದಿನಗಳಲ್ಲಿ 205 ಆಳು. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಊರಿನ ಕೂಲಿ ಅದಕ್ಕಿಂತ ಹೆಚ್ಚಿರಬಹುದು, ಆದರೂ ಕನಿಷ್ಠವನ್ನೇ ಹಿಡಿದರೆ 75,850. ಇದರಲ್ಲಿ ಹೆಣ್ಣಾಳು ಗಂಡಾಳು ಎಂಬ ಭೇದ ಮಾಡಬೇಡಿ, ಕರೆಯುವ ಕೈಗೆ ಅದು ಸಲ್ಲುವುದಿಲ್ಲ.

ಹಸು ತಂದ ಬೆಲೆ, ಕೊಟ್ಟಿಗೆಯ ಖರ್ಚು, ಸಾಲ, ಗೊಬ್ಬರ ಇವುಗಳನ್ನು ತಿಳಿಸಿದರೆ ಮುಗಿಸಬಹುದು.

ಘಟಪ್ರಭಾ ತೀರ

ನಾವು ಗೋಕಾಕದ ಕಡೆಯವರು, ನಮ್ಮಲ್ಲಿ ಎಮ್ಮೆಯೇ ಹೆಚ್ಚು. ನಾನು ಹೀಗೆಯೇ ಲೆಕ್ಕ ಹಾಕಿದಾಗ ಎಮ್ಮೆಯ ಹಾಲಿಗೆ ಲೀಟರಿಗೆ 52 ರೂಪಾಯಿ ಬಿತ್ತು. ಎಮ್ಮೆ ದಿನಕ್ಕೆ ಆರು ಲೀಟರ್ ಕೊಡುತ್ತದೆ, ಫ್ಯಾಟ್ 7 ಬರುತ್ತದೆ. ಹಾಗಾದರೆ ಎಮ್ಮೆ ಸಾಕುವವರೆಲ್ಲಾ ದಡ್ಡರೇ?

ಹಳೆಯ ವಿಸ್ತರಣಾಧಿಕಾರಿ

ಖಂಡಿತ ಅಲ್ಲ. ಲೀಟರನ್ನು ಲೀಟರಿನೊಡನೆ ಹೋಲಿಸಿದ್ದೇ ತಪ್ಪು. 4 ಫ್ಯಾಟಿನ ಹಾಲಿಗೆ ಎರಡನ್ನೂ ಸಮ ಮಾಡಲು ಹಳೆಯದೊಂದು ಸೂತ್ರವಿದೆ. ಹಾಲಿನ ತೂಕವನ್ನು 0.4ರಿಂದಲೂ ಅದರಲ್ಲಿನ ಫ್ಯಾಟಿನ ತೂಕವನ್ನು 15ರಿಂದಲೂ ಗುಣಿಸಿ ಕೂಡಿಸಬೇಕು. ನಿಮ್ಮ ಆರು ಲೀಟರಿನಲ್ಲಿ ಹೆಚ್ಚುಕಡಿಮೆ 420 ಗ್ರಾಂ ಫ್ಯಾಟ್ ಇದೆ, ಆದ್ದರಿಂದ 2.4ಕ್ಕೆ 6.3 ಸೇರಿ 8.7 ಲೀಟರಿಗೆ ಸಮನಾಗುತ್ತದೆ. ನಿಮ್ಮ ದಿನದ ಖರ್ಚು 312 ರೂಪಾಯಿಯನ್ನು ಅದರಿಂದ ಭಾಗಿಸಿದರೆ 36 ರೂಪಾಯಿಗಿಂತ ಸ್ವಲ್ಪ ಕಡಿಮೆ. ನಿಮಗೆ ಫ್ಯಾಟಿನ ಮೇಲೆ ದರ ಸಿಗುತ್ತಿದ್ದರೆ 52 ಎಂಬ ಅಂಕಿಗೆ ಹೆದರಬೇಕಾಗಿಲ್ಲ. ಆದರೆ ಆರು ಲೀಟರ್ ಎಂಬುದು ಕರೆದ ದಿನಗಳ ಸರಾಸರಿಯೋ ವರ್ಷದ್ದೋ ನೋಡಿಕೊಳ್ಳಿ. ಎಮ್ಮೆಯ ಬತ್ತಿದ ಕಾಲ ಹಸುವಿಗಿಂತ ಉದ್ದ.

ಬಡ್ಡಿಪುಸ್ತಕ

ಕೂಲಿಯ ವಿಷಯದಲ್ಲಿ ತೋಟದಮನೆಯವರ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ, ನಾನು ಹೇಳಿದ್ದು ನಗದಿನ ಲೆಕ್ಕ. ಆದರೆ ಕಂತಿನ ಬಗ್ಗೆ ನನ್ನ ಮಾತು ಬದಲಾಗುವುದಿಲ್ಲ. ತಿಂಗಳಿಗೆ ಮೂರು ಸಾವಿರ ಬ್ಯಾಂಕಿಗೆ ಕಟ್ಟುವವನಿಗೆ ಅದು ಖರ್ಚಲ್ಲ ಎಂದರೆ ಒಪ್ಪುತ್ತಾನೆಯೇ?

ತೋಟದಮನೆ

ನೋವೇನಿಲ್ಲ. ನಮ್ಮ ಕಂತು ತಿಂಗಳಿಗೆ 2,800, ವರ್ಷಕ್ಕೆ 33,600. ಅದರಲ್ಲಿ ಬಡ್ಡಿ 7,200 ಎಂದು ಬ್ಯಾಂಕಿನ ಚೀಟಿಯಲ್ಲಿದೆ. ಹಸುಗಳನ್ನು ಒಂದೊಂದಕ್ಕೆ 65,000 ಕೊಟ್ಟು ತಂದದ್ದು. ಕೊಟ್ಟಿಗೆಗೆ 1,20,000, ಮೇವು ಕತ್ತರಿಸುವ ಯಂತ್ರ ಮುಂತಾದವಕ್ಕೆ 25,000 ಆಗಿತ್ತು. ವಿಮೆ 3,900, ಖನಿಜ ಮಿಶ್ರಣ ಮತ್ತು ಉಪ್ಪು 3,600, ಕರೆಂಟು, ಹಗ್ಗ, ಸೋಪು ಇತ್ಯಾದಿ 6,000. ನೇಪಿಯರಿನ 12 ಗುಂಟೆಗೆ ಗುತ್ತಿಗೆ 9,000 ಬರುತ್ತಿತ್ತು, ಗೊಬ್ಬರ, ಉಳುಮೆ, ಕಳೆಗೆ 6,000 ಹೋಗುತ್ತದೆ. ತಿಪ್ಪೆ ಗೊಬ್ಬರ ವರ್ಷಕ್ಕೆ ಎಂಟು ಟ್ರಾಕ್ಟರ್ ಲೋಡು, ಮೂರನ್ನು 2,500ರಂತೆ ಮಾರಿದೆವು, ಐದನ್ನು ನಮ್ಮ ಹೊಲಕ್ಕೆ ಹಾಕಿದೆವು. ಹುಟ್ಟಿದ ಎರಡು ಕರುಗಳಲ್ಲಿ ಒಂದು ಹೆಣ್ಣು.

ಹಳೆಯ ವಿಸ್ತರಣಾಧಿಕಾರಿ

ಮೊದಲು ಕಂತು. ಸಾಲದ ಅಸಲಿನಿಂದ ನೀವು ಹಸುವನ್ನು ಕೊಂಡಿರಿ. ಆ ಹಸು ವರ್ಷ ವರ್ಷವೂ ಸವೆಯುತ್ತದೆ ಎಂದು ನಾವು ಖರ್ಚಿನಲ್ಲಿ ಹಿಡಿಯುತ್ತೇವೆ. ಅಸಲಿನ ಕಂತನ್ನೂ ಸವಕಳಿಯನ್ನೂ ಎರಡನ್ನೂ ಹಿಡಿದರೆ ಒಂದೇ ಹಸುವನ್ನು ಎರಡು ಸಲ ಕೊಂಡಂತೆ. ಆದ್ದರಿಂದ ಬಡ್ಡಿ 7,200 ಮಾತ್ರ. ಆದರೆ ಕೈಯಲ್ಲಿ ಹಣ ಏಕೆ ಇಲ್ಲ ಎಂಬ ಪ್ರಶ್ನೆಗೆ ಬಡ್ಡಿಪುಸ್ತಕ ಅವರು ಹೇಳಿದ್ದೇ ಉತ್ತರ. ಅಸಲಿಗೆ ಹೋಗುವ 26,400 ರೂಪಾಯಿ ಖರ್ಚಲ್ಲದಿದ್ದರೂ ಜೇಬಿನಿಂದಲೇ ಹೋಗುತ್ತದೆ.

ಹಸು ಐದು ಸೂಲು ನಿಲ್ಲುತ್ತದೆ, ಸೂಲಿಗೊಂದು ವರ್ಷ ಎಂದಿಟ್ಟುಕೊಳ್ಳೋಣ. ಹಿಂದೆ ಮುದಿ ಹಸುವಿಗೂ ತಕ್ಕ ಬೆಲೆ ಸಿಗುತ್ತಿತ್ತು. ರಾಜ್ಯದಲ್ಲಿ ಗೋಹತ್ಯೆ ನಿಷೇಧದ ಹೊಸ ಕಾನೂನು 2021ರಲ್ಲಿ ಜಾರಿಗೆ ಬಂದ ಮೇಲೆ ಅಂಥ ಹಸುವನ್ನು ಕೇಳುವವರು ವಿರಳರಾದರು, ಆದ್ದರಿಂದ 10,000ಕ್ಕಿಂತ ಹೆಚ್ಚು ಹಿಡಿಯಲು ನನಗೆ ಧೈರ್ಯವಿಲ್ಲ. ಉಳಿದ 55,000 ಐದು ವರ್ಷಕ್ಕೆ ಹಂಚಿದರೆ ಹಸುವಿಗೆ 11,000, ಮೂರಕ್ಕೆ 33,000. ಕೊಟ್ಟಿಗೆಯನ್ನು ಹದಿನೈದು ವರ್ಷಕ್ಕೂ ಯಂತ್ರವನ್ನು ಹತ್ತು ವರ್ಷಕ್ಕೂ ಹಂಚಿದರೆ 10,500.

ಈಗ ಕೂಡಿಸಿ. ಆಹಾರ 1,43,000, ಹಸಿ ಹುಲ್ಲು 15,000, ಒಣ ಹುಲ್ಲು 28,000, ಖನಿಜ ಮಿಶ್ರಣ 3,600, ಚಿಕಿತ್ಸೆ 14,500, ವಿಮೆ 3,900, ಸಣ್ಣಪುಟ್ಟದ್ದು 6,000. ಇಲ್ಲಿಯವರೆಗೆ 2,14,000. ದುಡಿಮೆ, ಸವಕಳಿ, ಬಡ್ಡಿ ಸೇರಿದರೆ 3,40,550.

ಕಳೆಯಬೇಕಾದದ್ದೂ ಇದೆ. ಗೊಬ್ಬರ ಮಾರಿದ್ದಾಗಲಿ ಹೊಲಕ್ಕೆ ಹಾಕಿದ್ದಾಗಲಿ ಎಂಟು ಲೋಡಿಗೂ ಬೆಲೆಯಿದೆ, 20,000. ಹೆಣ್ಣು ಕರುವಿಗೆ 8,000 ಹಿಡಿಯೋಣ, ಗಂಡು ಕರುವಿಗೆ ಏನೂ ಬೇಡ. ಕಡಸು ಈ ವರ್ಷ ತಿಂದದ್ದೆಲ್ಲಾ ಮೇಲಿನ ಖರ್ಚಿನಲ್ಲಿದೆ, ಆದ್ದರಿಂದ ಅದರ ಬೆಲೆ ಹೆಚ್ಚಿದ್ದನ್ನೂ ಜಮೆ ಮಾಡಬೇಕು, 18,000 ಎನ್ನೋಣ. ಇದನ್ನು ಬಿಟ್ಟರೆ ನಾಳಿನ ಹಸುವಿನ ಖರ್ಚನ್ನು ಇಂದಿನ ಹಾಲು ಹೊರಬೇಕಾಗುತ್ತದೆ. ಒಟ್ಟು 46,000 ಕಳೆದು ಉಳಿದದ್ದು 2,94,550. ಅದನ್ನು 8,025ರಿಂದ ಭಾಗಿಸಿದರೆ ಲೀಟರಿಗೆ 36 ರೂಪಾಯಿ 70 ಪೈಸೆ.

ನಿಮಗೆ ಬರುವುದು ಪ್ರೋತ್ಸಾಹಧನ ಸೇರಿ 38. ಉಳಿಯುವುದು ಲೀಟರಿಗೆ ಒಂದು ರೂಪಾಯಿ ಮೂವತ್ತು ಪೈಸೆ. ಖರ್ಚಿನಲ್ಲಿ ಲೀಟರಿಗೆ ಒಂಬತ್ತೂವರೆ ರೂಪಾಯಿ ನಿಮ್ಮಿಬ್ಬರ ಕೂಲಿಯೇ ಇದೆ. ಪ್ರೋತ್ಸಾಹಧನ ಬರುವುದು ತಡವಾದ ತಿಂಗಳುಗಳಲ್ಲಿ 33 ರೂಪಾಯಿಗೆ ಹಾಲು ಹಾಕಿ ಆ ಕೂಲಿಯಲ್ಲೇ ಮೂರೂಮುಕ್ಕಾಲು ರೂಪಾಯಿ ಬಿಟ್ಟುಕೊಡುತ್ತಿದ್ದೀರಿ.

ಶಿರಸಿ ಅಂಗಳ

ಮೊದಲು ಪ್ರಶ್ನೆಯನ್ನು ತಪ್ಪಾಗಿ ತಿಳಿದುಕೊಂಡಿದ್ದೆ. ಆದರೆ ಗೊಬ್ಬರದ ವಿಷಯದಲ್ಲಿ ನನ್ನದೊಂದು ತಕರಾರಿದೆ. ನಮ್ಮ ಕಡೆ ಬೆಟ್ಟದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ, ಆ ಗೊಬ್ಬರವನ್ನು ಅಡಿಕೆ ತೋಟಕ್ಕೆ ಹಾಕುತ್ತೇವೆ. ಹಸು ಇರುವುದೇ ಅದಕ್ಕಾಗಿ, ಹಾಲು ಮೇಲಿನ ಲಾಭ. ಗೊಬ್ಬರಕ್ಕೆ ನಾವು ಹೊರಗಿನ ಬೆಲೆ ಹಾಕಿದರೆ ಹಾಲಿನ ಖರ್ಚು ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಅದು ಹೇಗೆ?

ಹಳೆಯ ವಿಸ್ತರಣಾಧಿಕಾರಿ

ಹೋಗಲಿ ಬಿಡಿ, ಅದರಲ್ಲಿ ತಪ್ಪೇನಿಲ್ಲ. ನಿಮ್ಮಲ್ಲಿ ಗೊಬ್ಬರವೇ ಬೆಳೆ, ಹಾಲು ಉಪ ಉತ್ಪನ್ನ. ನೀವು ಹಾಕಬೇಕಾದದ್ದು ಗೊಬ್ಬರದ ಬುಟ್ಟಿಯ ಖರ್ಚು. ಸೊಪ್ಪು ತರುವ ಆಳಿನ ಕೂಲಿಯನ್ನು ಮರೆತಿದ್ದೀರೇನೋ ಎಂಬ ಅನುಮಾನ ನನಗಿದೆ.

ಘಟಪ್ರಭಾ ತೀರ

ಹಸಿ ಹುಲ್ಲಿಗೆ 15,000 ಎಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಕೊಯ್ದ ಹುಲ್ಲು ಕೆಜಿಗೆ 3 ರೂಪಾಯಿಗೆ ಹೋಗುತ್ತದೆ. ವರ್ಷಕ್ಕೆ ಇಪ್ಪತ್ತೈದೂವರೆ ಟನ್ನಿಗೆ 76,000 ದಾಟುತ್ತದೆ. ಆಗ ಲೀಟರಿನ ಖರ್ಚು 44ರ ಮೇಲೆ ಹೋಗಿ ಅವರು ನಷ್ಟದಲ್ಲಿದ್ದಾರೆ ಎಂದಾಗುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ.

ಹಳೆಯ ವಿಸ್ತರಣಾಧಿಕಾರಿ

ಸಣ್ಣದಲ್ಲ ಎಂಬುದು ನಿಜ. ಆ 3 ರೂಪಾಯಿಯಲ್ಲಿ ಕೊಯ್ದ ಕೂಲಿಯೂ ಸಾಗಿಸಿದ ಕೂಲಿಯೂ ಸೇರಿದೆ, ಅದನ್ನು ನಾವು ಬೇರೆ ಹಿಡಿದಿದ್ದೇವೆ. ಆದರೂ ಕೊಳ್ಳುವವರು ನಿಜವಾಗಿ ಇರುವ ಊರಿನಲ್ಲಿ ನಿಮ್ಮ ವಾದವೇ ಸರಿ. ಅಲ್ಲಿ ಹುಲ್ಲು ಮಾರುವುದು ಲೇಸೋ ಹಸುವಿಗೆ ಹಾಕುವುದು ಲೇಸೋ ಎಂಬ ಪ್ರಶ್ನೆ ಏಳುತ್ತದೆ. ಕುಣಿಗಲ್ಲಿನ ಆ ಊರಿನ ಸ್ಥಿತಿಯನ್ನು ತೋಟದಮನೆಯವರೇ ಹೇಳಬೇಕು.

ತೋಟದಮನೆ

ಬೇಸಿಗೆಯ ಎರಡು ತಿಂಗಳು ಪಕ್ಕದ ಮನೆಯವರು ಹುಲ್ಲು ಕೇಳುತ್ತಾರೆ, ಮಳೆ ಬಿದ್ದ ಮೇಲೆ ಯಾರಿಗೂ ಬೇಡ. ಆ ಎರಡು ತಿಂಗಳಿಗೆ ಮಾತ್ರ ಬೇರೆ ಬೆಲೆ ಹಿಡಿಯುವುದೋ ಏನೋ ಇನ್ನೂ ತಿಳಿಯುತ್ತಿಲ್ಲ.

ಸರ್, ಇನ್ನೊಂದು ಪ್ರಶ್ನೆ. ಲಕ್ಷ್ಮಿ ಸಕಾಲಕ್ಕೆ ಗಬ್ಬವಾಗಿದ್ದರೆ ಎಷ್ಟು ಕಡಿಮೆಯಾಗುತ್ತಿತ್ತು? ಯಜಮಾನರು ಆಹಾರವನ್ನು ದಿನಕ್ಕೆ ಒಂದೊಂದು ಕೆಜಿ ಕಡಿತ ಮಾಡೋಣ ಎನ್ನುತ್ತಿದ್ದಾರೆ.

ಹಳೆಯ ವಿಸ್ತರಣಾಧಿಕಾರಿ

ಆಹಾರ ಕಡಿತ ಮಾಡಬೇಡಿ. ಒರೆ ಹಚ್ಚಿ ನೋಡಿದಾಗ ನಿಮ್ಮ ಹಸುಗಳು ಹೆಚ್ಚಿಗೆ ತಿನ್ನುತ್ತಿಲ್ಲ ಎಂದು ಕಂಡಿತಲ್ಲ. ಒಂದು ಕೆಜಿ ಕಡಿಮೆ ಮಾಡಿದರೆ 26 ರೂಪಾಯಿ ಉಳಿಯುತ್ತದೆ, ಆದರೆ ಅದರ ಹಿಂದೆಯೇ ಎರಡು, ಎರಡೂವರೆ ಲೀಟರ್ ಹಾಲು ಇಳಿಯುತ್ತದೆ. ಕರು ಹಾಕಿದ ಹೊಸದರಲ್ಲಿ ಹಾಗೆ ಮಾಡಿದರೆ ಹಸು ಮೈ ಕರಗಿಸಿಕೊಂಡು ಹಾಲು ಕೊಟ್ಟು ಬೆದೆಗೆ ಬರುವುದೇ ತಡವಾಗುತ್ತದೆ. ಲಕ್ಷ್ಮಿಗೆ ಆದದ್ದೂ ಹಾಗೆಯೇ ಇರಬಹುದು, ಖಚಿತವಾಗಿ ಹೇಳಲು ಡಾಕ್ಟರು ಕೈ ಹಾಕಿ ಗರ್ಭಕೋಶವನ್ನು ನೋಡಬೇಕು.

ಬತ್ತಿದ 140 ದಿನಗಳಲ್ಲಿ 60 ದಿನ ಬೇಕಾದದ್ದೇ, ಕೆಚ್ಚಲಿಗೆ ಆ ವಿಶ್ರಾಂತಿ ಇಲ್ಲದೆ ಮುಂದಿನ ಸೂಲು ಕೆಡುತ್ತದೆ. ಹೆಚ್ಚಾದದ್ದು 80 ದಿನ. ಅಷ್ಟು ದಿನವೂ ಸೂಲಿನ ಕೊನೆಯ ಮಟ್ಟದಲ್ಲಿ 7 ಲೀಟರ್ ಕರೆದಿದ್ದರೆ 560 ಲೀಟರ್ ಸೇರುತ್ತಿತ್ತು. ಆ ಹಾಲಿಗೆ ಹೆಚ್ಚಿಗೆ ಬೇಕಾಗುತ್ತಿದ್ದ ಆಹಾರ ಸುಮಾರು 5,800 ರೂಪಾಯಿಯದ್ದು. ಒಣ ಹುಲ್ಲು, ಸವಕಳಿ, ಬಡ್ಡಿ, ಕೊಟ್ಟಿಗೆ ಯಾವುದೂ ಬದಲಾಗುವುದಿಲ್ಲ, ಅವು ಹೇಗೂ ನಡೆಯುತ್ತಿದ್ದವು. ಮೂರು ಲಕ್ಷದ ಚಿಲ್ಲರೆಯನ್ನು 8,585 ಲೀಟರಿನಿಂದ ಭಾಗಿಸಿದರೆ 35 ರೂಪಾಯಿ. ಒಂದೇ ಹಸುವಿನ 80 ದಿನ ಇಡೀ ಕೊಟ್ಟಿಗೆಯ ಪ್ರತಿ ಲೀಟರಿಗೆ 1 ರೂಪಾಯಿ 70 ಪೈಸೆ ಹೊರಿಸಿದೆ. ನಿಮ್ಮ ವರ್ಷದ ಚಿಕಿತ್ಸೆಯ ಖರ್ಚೆಲ್ಲಾ ಸೇರಿದರೂ ಲೀಟರಿಗೆ 1 ರೂಪಾಯಿ 80 ಪೈಸೆ ಮಾತ್ರ.

ತೋಟದಮನೆ

ಡಾಕ್ಟರಿಗೆ ಕೊಟ್ಟ ಹಣವೇ ದುಬಾರಿ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಕೊಟ್ಟಿಗೆಯ ಗೋಡೆಯ ಮೇಲೆ ಇನ್ನು ಮುಂದೆ ಪ್ರತಿ ಹಸುವಿನ ಬೆದೆಯ ದಿನಾಂಕವನ್ನೂ ಸೆಮೆನ್ ಹಾಕಿಸಿದ ದಿನಾಂಕವನ್ನೂ ಬರೆಯುತ್ತೇನೆ. ಹತ್ತು ದಿನಕ್ಕೊಮ್ಮೆ ಬೆಳಿಗ್ಗೆ, ಸಂಜೆ ಒಂದೊಂದು ಹಸುವಿನ ಹಾಲನ್ನು ಬೇರೆ ಬೇರೆಯಾಗಿ ಅಳೆದು ಹತ್ತರಿಂದ ಗುಣಿಸಿದರೆ ಸಾಕಾಗುತ್ತದೆಯೇ, ದಿನವೂ ಅಳೆಯಬೇಕೇ?

ಹಳೆಯ ವಿಸ್ತರಣಾಧಿಕಾರಿ

ಹತ್ತು ದಿನಕ್ಕೊಮ್ಮೆ ಸಾಕು. ಒಟ್ಟು ಮೊತ್ತ ಪಾಸ್‌ಬುಕ್, ಮನೆ, ಕರು ಮೂರೂ ಸೇರಿದ್ದಕ್ಕೆ ತಾಳೆಯಾಗುತ್ತದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಳತೆಯ ಪಾತ್ರೆಯನ್ನು ಬದಲಿಸಿ, ನೊರೆ ಇಳಿದ ಮೇಲೆ ಅಳೆಯಿರಿ.